ರಚನೆ ಮತ್ತು ಸಾಧನೆ: ಹತ್ತನೇ ತರಗತಿ ರೇಖಾಗಣಿತದಲ್ಲಿ ಅರ್ಧರ್ಧ ಅಂಕ ಕೈಬಿಡದೆ ಬರೆಯುವುದು ಹೇಗೆ

"ಸರ್, ತ್ರಿಭುಜ ಸರಿಯಾಗೇ ಬಂದಿದೆ, ಅಳತೆನೂ ಸರಿ ಇದೆ. ಆದರೂ ಮೂರಕ್ಕೆ ಒಂದೂವರೆ ಯಾಕೆ?" ಪ್ರತಿ ಕಿರುಪರೀಕ್ಷೆ ಮುಗಿದ ಮೇಲೂ ಈ ಪ್ರಶ್ನೆ ಬರುತ್ತದೆ. ಪ್ರಮೇಯದ ವಿಷಯದಲ್ಲೂ ಇದೇ ಕಥೆ. ಬಾಯಿಪಾಠ ಮಾಡಿ ಬರೆದಿರುತ್ತಾರೆ, ಕೊನೆಯ ಸಾಲು ಸರಿಯಾಗೇ ಇರುತ್ತದೆ, ಅಂಕ ಮಾತ್ರ ಪೂರ್ತಿ ಇಲ್ಲ.

ಕಾರಣ ಒಂದೇ. ಇಲ್ಲಿ ಅಂಕ ಉತ್ತರಕ್ಕಲ್ಲ, ಹಂತಕ್ಕೆ. ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಪ್ರತಿ ಹಂತದ ಎದುರು ½ ಅಥವಾ 1 ಎಂದು ಬರೆದಿರುತ್ತದೆ. ಆ ಹಂತ ನಿಮ್ಮ ಹಾಳೆಯ ಮೇಲೆ ಕಾಣದಿದ್ದರೆ ಅವರು ಅಂಕ ಕೊಡುವುದಕ್ಕೆ ದಾರಿಯೇ ಇಲ್ಲ.

ಎಲ್ಲ ರಚನೆ, ಎಲ್ಲ ಪ್ರಮೇಯ ಇಲ್ಲಿ ಹೇಳಲು ಹೋಗುವುದಿಲ್ಲ. ಒಂದು ರಚನೆ, ಅದರ ಹಿಂದಿರುವ ಒಂದು ಪ್ರಮೇಯ, ಆ ಪ್ರಮೇಯ ಬಳಸುವ ಒಂದು ಸಾಧನೆ ಲೆಕ್ಕ, ಇಷ್ಟೇ. ಮೂರೂ ಥೇಲ್ಸ್ ಪ್ರಮೇಯದ ಸುತ್ತಲೇ ಇವೆ.

ಮೊದಲೇ ಒಂದು ಮಾತು. ಎನ್‌ಸಿಇಆರ್‌ಟಿ ತನ್ನ ಪರಿಷ್ಕೃತ ಹತ್ತನೇ ತರಗತಿ ಪುಸ್ತಕದಲ್ಲಿ ರಚನೆಗಳ ಅಧ್ಯಾಯವನ್ನು ಕೈಬಿಟ್ಟಿದೆ. ಹಾಗಾಗಿ ನಿಮ್ಮ ವರ್ಷದ ಪಠ್ಯಪುಸ್ತಕ ಮತ್ತು ಮಂಡಳಿಯ ಪ್ರಶ್ನೆಪತ್ರಿಕೆ ನೀಲನಕ್ಷೆಯಲ್ಲಿ ರಚನೆ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ನೇರವಾಗಿ ಪ್ರಮೇಯದ ಭಾಗಕ್ಕೆ ಹೋಗಿ.

## ಕೈಯಲ್ಲಿ ಏನಿರಬೇಕು

ಕೈವಾರ, 15 ಸೆಂ.ಮೀ. ಸ್ಕೇಲ್, ಎರಡು ಪೆನ್ಸಿಲ್, ಮೆಂಡರ್, ರಬ್ಬರ್. ಎರಡು ಪೆನ್ಸಿಲ್ ಯಾಕೆ ಅಂದರೆ ಒಂದು ಕೈವಾರದಲ್ಲೇ ಕೂತಿರಲಿ. ಒಂದನ್ನೇ ತೆಗೆದು ಹಾಕಿ ಮಾಡುತ್ತಿದ್ದರೆ ಪ್ರತಿ ಸಲವೂ ಅದರ ಉದ್ದ ಬದಲಾಗುತ್ತದೆ, ಕಂಸದ ಅಳತೆ ಹಾಳಾಗುತ್ತದೆ.

ಕೈವಾರದ ತಿರುಪು ಸಡಿಲವಾಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. 4 ಸೆಂ.ಮೀ. ತ್ರಿಜ್ಯದ ಒಂದು ಪೂರ್ತಿ ವೃತ್ತ ಎಳೆಯಿರಿ. ಶುರು ಮಾಡಿದ ಜಾಗಕ್ಕೆ ಗೆರೆ ಬಂದು ಕೂಡದೆ ಪಕ್ಕಕ್ಕೆ ಹೋದರೆ ಆ ಕೈವಾರ ಪರೀಕ್ಷೆಗೆ ಆಗುವುದಿಲ್ಲ. ತಿರುಪು ಬಿಗಿ ಮಾಡಿ, ಇಲ್ಲವೇ ಬೇರೆ ತಗೊಳ್ಳಿ.

## ಭಾಗ ಒಂದು: ಸಮರೂಪ ತ್ರಿಭುಜದ ರಚನೆ

ಈ ಪ್ರಶ್ನೆ ಇಟ್ಟುಕೊಳ್ಳೋಣ. BC = 6 ಸೆಂ.ಮೀ., AB = 4.5 ಸೆಂ.ಮೀ., AC = 5.4 ಸೆಂ.ಮೀ. ಇರುವ ತ್ರಿಭುಜ ರಚಿಸಿ. ನಂತರ ಇನ್ನೊಂದು ತ್ರಿಭುಜ ರಚಿಸಿ. ಅದರ ಬಾಹುಗಳು ಮೊದಲ ತ್ರಿಭುಜದ ಅನುರೂಪ ಬಾಹುಗಳ 5/3 ರಷ್ಟಿರಬೇಕು.

ಮೂರು ಅಂಕದ ಪ್ರಶ್ನೆಯಾದರೆ ಸಾಮಾನ್ಯವಾಗಿ ದತ್ತ ತ್ರಿಭುಜಕ್ಕೆ ಒಂದು ಅಂಕ. ಉಳಿದದ್ದು ಕಿರಣದ ಮೇಲೆ ಸಮಭಾಗ ಗುರುತಿಸುವುದಕ್ಕೆ ಮತ್ತು ಎರಡು ಸಮಾಂತರ ರೇಖೆಗಳಿಗೆ ಹಂಚಿರುತ್ತದೆ. ಹಂಚಿಕೆಯಲ್ಲಿ ಅರ್ಧ ಅಂಕ ಆಚೀಚೆ ಆಗಬಹುದು, ಹಂತಗಳು ಮಾತ್ರ ಇವೇ.

### ಹಂತ 1: ಪೆನ್ಸಿಲ್ ಮುಟ್ಟುವ ಮೊದಲು ಗುಣಿಸಿ

ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ: 6 × 5/3 = 10, 4.5 × 5/3 = 7.5, 5.4 × 5/3 = 9. ಹೊಸ ತ್ರಿಭುಜದ ಅಳತೆ ಇದೇ. ಇದನ್ನು ಸ್ಕೇಲ್‌ನಲ್ಲಿ ಅಳೆದು ಎಳೆಯುವುದಕ್ಕಲ್ಲ, ಕೊನೆಯಲ್ಲಿ ತಾಳೆ ನೋಡುವುದಕ್ಕೆ ಮತ್ತು ಜಾಗ ಎಷ್ಟು ಬೇಕೆಂದು ತಿಳಿಯುವುದಕ್ಕೆ.

ಜಾಗದ ವಿಷಯದಲ್ಲಿ ಜಾಸ್ತಿ ಮಕ್ಕಳು ಎಡವುತ್ತಾರೆ. BCಯನ್ನು ಪುಟದ ನಡುವೆ ಎಳೆಯುತ್ತಾರೆ, ಆಮೇಲೆ C' ಪುಟದ ಅಂಚು ದಾಟಿ ಹೋಗುತ್ತದೆ. ಈ ಚಿತ್ರಕ್ಕೆ BC ಗೆರೆಯ ಮೇಲೆ ಸುಮಾರು 7 ಸೆಂ.ಮೀ., ಕೆಳಗೆ ಸುಮಾರು 5 ಸೆಂ.ಮೀ. ಬೇಕು. B ಬಿಂದುವನ್ನು ಎಡ ಅಂಚಿನ ಹತ್ತಿರ ಇಡಿ. ಪುಟದಲ್ಲಿ ಅಷ್ಟು ಜಾಗ ಉಳಿದಿಲ್ಲದಿದ್ದರೆ ಮುಂದಿನ ಪುಟಕ್ಕೆ ಹೋಗಿ.

### ಹಂತ 2: ದತ್ತ ತ್ರಿಭುಜ

BC = 6 ಸೆಂ.ಮೀ. ಎಳೆಯಿರಿ. B ಕೇಂದ್ರವಾಗಿ 4.5 ಸೆಂ.ಮೀ. ತ್ರಿಜ್ಯದ ಕಂಸ, C ಕೇಂದ್ರವಾಗಿ 5.4 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. ಎರಡೂ ಕೂಡುವ ಜಾಗವೇ A. AB, AC ಸೇರಿಸಿ.

ಅಳತೆ ಅದಲುಬದಲಾಗುವುದು ಇಲ್ಲಿನ ದೊಡ್ಡ ತಪ್ಪು. AB ಅಂದರೆ B ಮೇಲೆ ಮುಳ್ಳು ಇಡಬೇಕು. ಅವಸರದಲ್ಲಿ C ಮೇಲೆ ಇಟ್ಟರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ತ್ರಿಭುಜ ಬರುತ್ತದೆ, ಹೆಸರುಗಳು ತಪ್ಪಾಗುತ್ತವೆ. ಮುಂದುವರಿಯುವ ಮೊದಲು AB ಒಮ್ಮೆ ಅಳೆದು ನೋಡಿ.

ಈಗಲೇ BCಯನ್ನು C ಆಚೆಗೆ 5 ಸೆಂ.ಮೀ.ಗೂ, BAಯನ್ನು A ಆಚೆಗೆ 4 ಸೆಂ.ಮೀ.ಗೂ ತೆಳುವಾಗಿ ಮುಂದುವರಿಸಿಬಿಡಿ. 5/3 ಒಂದಕ್ಕಿಂತ ದೊಡ್ಡದು, ಆದ್ದರಿಂದ ಹೊಸ ತ್ರಿಭುಜ ಹೊರಗೇ ಬರುತ್ತದೆ.

### ಹಂತ 3: ಕಿರಣ BX ಮತ್ತು ಐದು ಬಿಂದುಗಳು

B ಇಂದ, A ಇರುವ ಬದಿಗೆ ವಿರುದ್ಧವಾಗಿ, ಅಂದರೆ BC ಕೆಳಗೆ, ಒಂದು ಕಿರಣ BX ಎಳೆಯಿರಿ. ∠CBX ಲಘುಕೋನವಾಗಿರಬೇಕು, 35° ಇಂದ 45° ಒಳ್ಳೆಯದು. ಕೋನಮಾಪಕ ಬೇಕಿಲ್ಲ, ಕಣ್ಣಳತೆ ಸಾಕು. ಕೋನ ತೀರಾ ಸಣ್ಣದಾದರೆ ಗೆರೆಗಳು ಒಂದರ ಮೇಲೊಂದು ಒರಗಿದ ಹಾಗೆ ಆಗಿ, ಎಲ್ಲಿ ಕೂಡುತ್ತವೆ ಎಂದೇ ಗೊತ್ತಾಗುವುದಿಲ್ಲ.

ಕೈವಾರದಲ್ಲಿ 1.5 ಸೆಂ.ಮೀ. ತೆಗೆದುಕೊಂಡು, ಬದಲಿಸದೆ B ಇಂದ ಶುರು ಮಾಡಿ B₁, B₂, B₃, B₄, B₅ ಎಂದು ಐದು ಬಿಂದು ಗುರುತಿಸಿ. ಅಂಶ, ಛೇದಗಳಲ್ಲಿ ಯಾವುದು ದೊಡ್ಡದೋ ಅಷ್ಟು ಬಿಂದು. ಇಲ್ಲಿ ಐದು.

ಸ್ಕೇಲ್‌ನಲ್ಲಿ ಚುಕ್ಕಿ ಇಟ್ಟರೂ ಭಾಗಗಳು ಸಮವಾಗೇ ಬರುತ್ತವೆ, ಅಲ್ವಾ? ಬರುತ್ತವೆ. ಆದರೆ ಮೌಲ್ಯಮಾಪಕರಿಗೆ ಕಂಸ ಕಾಣಬೇಕು. ಈ ಹಂತದ ಅಂಕ ಆ ಐದು ಸಣ್ಣ ಕಂಸಗಳಿಗೇ.

### ಹಂತ 4: C ಗೆ ಯಾವ ಬಿಂದು ಸೇರಿಸಬೇಕು

ತಪ್ಪುವುದು ಮುಖ್ಯವಾಗಿ ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ನಿಯಮ ಒಂದೇ: ಛೇದದ ಬಿಂದು C ಗೆ, ಅಂಶದ ಬಿಂದುವಿನಿಂದ ಸಮಾಂತರ ರೇಖೆ.

5/3 ರಲ್ಲಿ ಛೇದ 3. ಹಾಗಾಗಿ B₃ ಮತ್ತು C ಸೇರಿಸಿ. ಆಮೇಲೆ B₅ ಇಂದ B₃Cಗೆ ಸಮಾಂತರ ರೇಖೆ ಎಳೆಯಿರಿ. ಅದು ಮುಂದುವರಿಸಿದ BCಯನ್ನು ಕೂಡುವ ಜಾಗ C'.

ತರಗತಿಯಲ್ಲಿ ಮೊದಲು 2/3, 3/4 ತರಹದ ಲೆಕ್ಕ ಮಾಡಿರುತ್ತಾರೆ. ಅವುಗಳಲ್ಲಿ ಛೇದವೇ ದೊಡ್ಡದು, ಆದ್ದರಿಂದ ಕೊನೆಯ ಬಿಂದುವೇ C ಗೆ ಸೇರುತ್ತದೆ. "ಕೊನೆಯ ಬಿಂದು C ಗೆ" ಅಂತ ಕೈಗೆ ರೂಢಿಯಾಗಿಬಿಡುತ್ತದೆ. ಅದೇ ರೂಢಿಯಲ್ಲಿ ಇಲ್ಲಿ B₅C ಸೇರಿಸಿದರೆ, B₃ ಇಂದ ಎಳೆದ ಸಮಾಂತರ ರೇಖೆ BCಯ ಒಳಗೇ ಬೀಳುತ್ತದೆ. ಬರುವುದು 3/5 ರ ತ್ರಿಭುಜ. C' ಎನ್ನುವುದು C ಗಿಂತ ಒಳಗೆ ಬಂದರೆ ಅದೇ ಎಚ್ಚರಿಕೆ: 5/3 ಕೇಳಿದಾಗ ಒಳಗೆ ಬರಲು ಸಾಧ್ಯವೇ ಇಲ್ಲ. ಅಲ್ಲೇ ನಿಲ್ಲಿಸಿ, ಆ ಎರಡು ಗೆರೆ ಮಾತ್ರ ಅಳಿಸಿ ಸರಿ ಮಾಡಿ. ತ್ರಿಭುಜ, ಕಿರಣ ಹಾಗೇ ಇರಲಿ.

### ಹಂತ 5: ಸಮಾಂತರ ರೇಖೆ ಎಳೆಯುವುದು

ಸುಮ್ನೆ ಸ್ಕೇಲ್ ಜಾರಿಸಿ ಕಣ್ಣಂದಾಜಿಗೆ ಎಳೆದದ್ದು ಸಮಾಂತರ ಅನಿಸಿಕೊಳ್ಳುವುದಿಲ್ಲ. ಕೋನ ನಕಲು ಮಾಡಬೇಕು.

ಕೈವಾರದಲ್ಲಿ ಸುಮಾರು 2 ಸೆಂ.ಮೀ. ಇಟ್ಟುಕೊಳ್ಳಿ. B₃ ಕೇಂದ್ರವಾಗಿ ಒಂದು ಕಂಸ ಎಳೆಯಿರಿ. ಅದು B₃B ಗೆರೆಯನ್ನು P ನಲ್ಲೂ, B₃C ಗೆರೆಯನ್ನು Q ನಲ್ಲೂ ಕತ್ತರಿಸಲಿ. ತ್ರಿಜ್ಯ ಬದಲಿಸದೆ B₅ ಕೇಂದ್ರವಾಗಿ ಅಂಥದ್ದೇ ಕಂಸ ಎಳೆಯಿರಿ. ಅದು B ಕಡೆಗೆ BX ಅನ್ನು ಕತ್ತರಿಸಿದ ಜಾಗ R. ಈಗ ಕೈವಾರವನ್ನು P ಇಂದ Q ವರೆಗೆ ಅಗಲಿಸಿ ಅಳತೆ ತೆಗೆದುಕೊಳ್ಳಿ. ಅದೇ ಅಳತೆಯಲ್ಲಿ R ಮೇಲೆ ಮುಳ್ಳಿಟ್ಟು ಎರಡನೇ ಕಂಸವನ್ನು S ನಲ್ಲಿ ಕತ್ತರಿಸಿ. B₅S ಸೇರಿಸಿ ಮುಂದುವರಿಸಿದರೆ C' ಸಿಗುತ್ತದೆ.

P ಬಿಂದು B ಕಡೆಗಿದ್ದರೆ R ಕೂಡ B ಕಡೆಗೇ ಇರಬೇಕು. ಒಂದು ಕಡೆ B ಬದಿ, ಇನ್ನೊಂದು ಕಡೆ X ಬದಿ ಹಿಡಿದರೆ ಅನುರೂಪ ಕೋನ ಆಗುವುದಿಲ್ಲ, ಗೆರೆ ಬೇರೆ ದಿಕ್ಕಿಗೆ ಓಡುತ್ತದೆ.

C' ಸಿಕ್ಕ ತಕ್ಷಣ BC' ಅಳೆಯಿರಿ. 10 ಸೆಂ.ಮೀ. ಬರಬೇಕು. ಎರಡು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ PQ ಅಳತೆ ಮತ್ತೆ ತೆಗೆದು ನೋಡಿ. ತಪ್ಪು ಬಹುತೇಕ ಅಲ್ಲೇ ಇರುತ್ತದೆ.

### ಹಂತ 6: A' ಮತ್ತು ಕೊನೆಯ ತಾಳೆ

C' ನಲ್ಲಿ ∠BCAಗೆ ಸಮನಾದ ಕೋನವನ್ನು ಇದೇ ರೀತಿ ನಕಲು ಮಾಡಿ, CAಗೆ ಸಮಾಂತರ ರೇಖೆ ಎಳೆಯಿರಿ. ಅದು ಮುಂದುವರಿಸಿದ BAಯನ್ನು ಕೂಡುವ ಜಾಗ A'. A'BC' ಬೇಕಾದ ತ್ರಿಭುಜ. A'B = 7.5, A'C' = 9 ಬಂತೇ ನೋಡಿ.

ಮೊದಲೇ ಉತ್ತರ ಗೊತ್ತಿದೆಯಲ್ಲ, 10, 7.5, 9 ಅಳತೆಯ ತ್ರಿಭುಜ ನೇರವಾಗಿ ಎಳೆದರೆ ಆಗಲ್ವಾ ಎಂದು ಕೇಳುತ್ತಾರೆ. ಚಿತ್ರ ಒಂದೇ ಆಗುತ್ತದೆ, ಅಂಕ ಆಗುವುದಿಲ್ಲ. ಹಾಗೆ ಎಳೆದದ್ದರಲ್ಲಿ ಕಿರಣ, ಭಾಗ, ಸಮಾಂತರ ಯಾವುದೂ ಇಲ್ಲ.

ಕೊನೆಗೆ ಕಂಸಗಳನ್ನು ಅಳಿಸಿ ಚಿತ್ರ "ಚೆಂದ" ಮಾಡಬೇಡಿ. ಹೆಸರುಗಳನ್ನು ಬರೆಯಿರಿ, ಪ್ರೈಮ್ ಚಿಹ್ನೆ ಬಿಡಬೇಡಿ. ಪ್ರಶ್ನೆಯಲ್ಲಿ "ರಚಿಸಿ" ಎಂದಷ್ಟೇ ಇದ್ದರೆ ರಚನೆಯ ಹಂತಗಳನ್ನು ಅರ್ಧ ಪುಟ ಬರೆಯುವ ಅಗತ್ಯ ಇಲ್ಲ. ಆ ಹೊತ್ತನ್ನು ಪ್ರಮೇಯಕ್ಕೆ ಇಟ್ಟುಕೊಳ್ಳಿ.

## ಭಾಗ ಎರಡು: ಪ್ರಮೇಯ ಬರೆಯುವುದು

ಮೇಲಿನ ರಚನೆ ಯಾಕೆ ಸರಿ? ತ್ರಿಭುಜ BB₅C' ನಲ್ಲಿ B₃C ಎನ್ನುವುದು B₅C'ಗೆ ಸಮಾಂತರ. ಹಾಗಾಗಿ BX ಮೇಲೆ ಇದ್ದ 3 ಮತ್ತು 2 ಭಾಗಗಳ ಅನುಪಾತವೇ BC' ಮೇಲೂ ಬರುತ್ತದೆ. ಇದೇ ಥೇಲ್ಸ್ ಪ್ರಮೇಯ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ.

ಉತ್ತರದಲ್ಲಿ ಐದು ಭಾಗ: ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ. ಮೊದಲ ನಾಲ್ಕಕ್ಕೂ ಸಾಮಾನ್ಯವಾಗಿ ಅರ್ಧರ್ಧ ಅಂಕ. ಅಂದರೆ ಸಾಧನೆಯ ಒಂದು ಸಾಲೂ ಬರೆಯುವ ಮೊದಲೇ ಎರಡು ಅಂಕ ಅಲ್ಲಿದೆ. ಸಾಧನೆ ಮರೆತುಹೋಯಿತೆಂದು ಪ್ರಶ್ನೆಯನ್ನೇ ಬಿಟ್ಟು ಬರುವವರು ಈ ಎರಡನ್ನೂ ಬಿಟ್ಟು ಬರುತ್ತಾರೆ.

### ಹಂತ 1: ಚಿತ್ರ

ಎಲ್ಲ ಕೋನಗಳೂ 90°ಗಿಂತ ಕಡಿಮೆ ಇರುವ, ಬಾಹುಗಳು ಬೇರೆ ಬೇರೆ ಉದ್ದದ ತ್ರಿಭುಜ ABC ಎಳೆಯಿರಿ. AB ಮೇಲೆ D, AC ಮೇಲೆ E ಇಟ್ಟು BCಗೆ ಸಮಾಂತರವಾಗಿ DE ಎಳೆಯಿರಿ.

ಲಂಬಕೋನ ತ್ರಿಭುಜ ಬೇಡ. ∠A = 90° ಆದರೆ E ಇಂದ ABಗೆ ಎಳೆದ ಲಂಬ A ಮೇಲೇ ಬೀಳುತ್ತದೆ. ∠A ಇನ್ನೂ ದೊಡ್ಡದಾದರೆ ಆ ಲಂಬ ತ್ರಿಭುಜದ ಹೊರಗೇ ಹೋಗುತ್ತದೆ. ಸಾಧನೆ ಆಗಲೂ ನಿಜವೇ, ಆದರೆ ಚಿತ್ರ ನೋಡಿ ನೀವೇ ಗಲಿಬಿಲಿಯಾಗುತ್ತೀರಿ. D ಬಿಂದುವನ್ನು ನಡುಮಧ್ಯ ಇಡುವುದೂ ಬೇಡ. ಇಟ್ಟರೆ AD = DB ಎಂದು ಕೈ ತಾನಾಗಿಯೇ ಬರೆದುಬಿಡುತ್ತದೆ.

### ಹಂತ 2: ದತ್ತ ಮತ್ತು ಸಾಧನೀಯ

ದತ್ತ: △ABC ಯಲ್ಲಿ DE ∥ BC.
ಸಾಧನೀಯ: AD/DB = AE/EC.

ಇವೆರಡನ್ನು ಕಲಸಬಾರದು. ಅನುಪಾತವನ್ನು ದತ್ತದಲ್ಲೇ ಬರೆದರೆ, ಸಾಧಿಸಬೇಕಾದ್ದನ್ನು ಮೊದಲೇ ಒಪ್ಪಿಕೊಂಡ ಹಾಗಾಯಿತು.

### ಹಂತ 3: ರಚನೆ

BE ಮತ್ತು CD ಸೇರಿಸಿ. EN ⊥ AB, DM ⊥ AC ಎಳೆಯಿರಿ.

ಲಂಬಗಳನ್ನು ಎಳೆದು BE, CD ಸೇರಿಸುವುದನ್ನು ಮರೆಯುವವರು ಬಹಳ. ಅವನ್ನು ಸೇರಿಸದಿದ್ದರೆ △BDE, △CDE ಎನ್ನುವ ತ್ರಿಭುಜಗಳು ಚಿತ್ರದಲ್ಲಿ ಇಲ್ಲವೇ ಇಲ್ಲ. ಇಲ್ಲದ ತ್ರಿಭುಜದ ವಿಸ್ತೀರ್ಣ ಬರೆದಂತಾಗುತ್ತದೆ. ಲಂಬಗಳ ಹೆಸರು ತಪ್ಪದಿರಲು ಒಂದು ಉಪಾಯ: E ಇಂದ ಹೊರಟದ್ದು ಎದುರಿನ ABಗೆ ಹೋಗುತ್ತದೆ, D ಇಂದ ಹೊರಟದ್ದು ಎದುರಿನ ACಗೆ.

### ಹಂತ 4: ಸಾಧನೆ

```
ವಿ(△ADE) / ವಿ(△BDE) = (½ × AD × EN) / (½ × DB × EN) = AD/DB   ...(1)

ವಿ(△ADE) / ವಿ(△CDE) = (½ × AE × DM) / (½ × EC × DM) = AE/EC   ...(2)

ವಿ(△BDE) = ವಿ(△CDE)   ...(3)
(ಒಂದೇ ಪಾದ DE, ಒಂದೇ ಜೊತೆ ಸಮಾಂತರ ರೇಖೆಗಳಾದ DE ಮತ್ತು BC ನಡುವೆ ಇವೆ)

(1), (2), (3) ರಿಂದ:  AD/DB = AE/EC
```

ಇಲ್ಲಿ "ವಿ" ಅಂದರೆ ವಿಸ್ತೀರ್ಣ. ಮೊದಲ ಸಾಲಿನಲ್ಲಿ △ADE ಯ ಪಾದ AD, ಎರಡನೆಯದರಲ್ಲಿ ಅದೇ ತ್ರಿಭುಜದ ಪಾದ AE. ಒಂದೇ ತ್ರಿಭುಜವನ್ನು ಎರಡು ಬದಿಯಿಂದ ಅಳೆದಿದ್ದೇವೆ. ಈ ಸಾಧನೆಯ ಜೀವ ಇದೇ. ಇದು ಅರ್ಥವಾದರೆ ಬಾಯಿಪಾಠ ಬೇಕಾಗುವುದಿಲ್ಲ.

ಅಂಕ ಹೋಗುವುದು (3) ನೇ ಸಾಲಿನ ಆವರಣದಲ್ಲಿ. ವಿಸ್ತೀರ್ಣ ಸಮ ಎಂದು ಬರೆದು ಕಾರಣ ಬರೆಯದೆ ಮುಂದೆ ಓಡುತ್ತಾರೆ. ಯೋಚಿಸಿ ನೋಡಿ: ಇಡೀ ಸಾಧನೆಯಲ್ಲಿ DE ∥ BC ಎನ್ನುವ ದತ್ತ ಬಳಕೆಯಾಗುವುದು ಇಲ್ಲೊಂದೇ ಕಡೆ. ಕಾರಣ ಬರೆಯದಿದ್ದರೆ ದತ್ತವನ್ನೇ ಬಳಸಲಿಲ್ಲ ಎಂದಾಗುತ್ತದೆ. ಯಾವುದೇ ಸಾಧನೆ ಮುಗಿಸಿದ ಮೇಲೆ "ದತ್ತದಲ್ಲಿರುವುದನ್ನೆಲ್ಲ ಎಲ್ಲಾದರೂ ಬಳಸಿದೆನಾ?" ಎಂದು ನೋಡಿ. ಏನಾದರೂ ಉಳಿದಿದ್ದರೆ ಒಂದು ಕಾರಣ ಬಿಟ್ಟುಹೋಗಿದೆ.

### ಅಡ್ಡದಾರಿ ಬೇಡ

"DE ∥ BC, ಅನುರೂಪ ಕೋನಗಳು ಸಮ, ಆದ್ದರಿಂದ △ADE ~ △ABC, ಆದ್ದರಿಂದ ಬಾಹುಗಳು ಸಮಾನುಪಾತ" ಎಂದು ಮೂರು ಸಾಲಿನಲ್ಲಿ ಮುಗಿಸುವ ಜಾಣರಿದ್ದಾರೆ. ಇದರಲ್ಲಿ ಒಂದು ತೊಡಕಿದೆ. ಕೋನಗಳು ಸಮವಾದರೆ ಬಾಹುಗಳು ಸಮಾನುಪಾತ ಎನ್ನುವ ಪ್ರಮೇಯವನ್ನು ನಮ್ಮ ಪುಸ್ತಕದಲ್ಲಿ ಸಾಧಿಸಿರುವುದೇ ಥೇಲ್ಸ್ ಪ್ರಮೇಯ ಬಳಸಿ. ಅದನ್ನು ಹಿಡಿದು ಮತ್ತೆ ಥೇಲ್ಸ್ ಪ್ರಮೇಯ ಸಾಧಿಸಲು ಹೊರಟರೆ ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲುತ್ತೇವೆ.

ಪ್ರಶ್ನೆಯಲ್ಲಿ ಬೇರೆ ಅಕ್ಷರ ಕೊಟ್ಟಿದ್ದರೆ, ಉದಾಹರಣೆಗೆ △PQR ನಲ್ಲಿ ST ∥ QR ಎಂದಿದ್ದರೆ, ಆ ಅಕ್ಷರಗಳಲ್ಲೇ ಬರೆಯಿರಿ. ಅರ್ಧ ದಾರಿಯಲ್ಲಿ ಅಭ್ಯಾಸಬಲದಿಂದ D, E ನುಸುಳಿಬಿಡುತ್ತವೆ. ಬರೆದ ಮೇಲೆ ಚಿತ್ರದಲ್ಲಿ ಇಲ್ಲದ ಅಕ್ಷರ ಎಲ್ಲಾದರೂ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ.

## ಭಾಗ ಮೂರು: ಪ್ರಮೇಯ ಬಳಸುವ ಸಾಧನೆ

ಪ್ರಶ್ನೆ: ABCD ಒಂದು ತ್ರಾಪಿಜ್ಯ. AB ∥ DC. ಕರ್ಣಗಳು O ಬಿಂದುವಿನಲ್ಲಿ ಛೇದಿಸುತ್ತವೆ. AO/BO = CO/DO ಎಂದು ಸಾಧಿಸಿ.

ಇದನ್ನು ಸಮರೂಪತೆಯಿಂದಲೂ ಸಾಧಿಸಬಹುದು. △AOB ಮತ್ತು △COD ಯಲ್ಲಿ ಪರ್ಯಾಯ ಕೋನಗಳು ಸಮ, ಆದ್ದರಿಂದ ಸಮರೂಪ. ಇಲ್ಲಿ ಆ ದಾರಿ ಸರಿ, ಯಾಕೆಂದರೆ ಸಾಧಿಸಬೇಕಾದ್ದು ಥೇಲ್ಸ್ ಪ್ರಮೇಯವಲ್ಲ. ಆದರೆ "ಥೇಲ್ಸ್ ಪ್ರಮೇಯ ಬಳಸಿ" ಎಂದು ಕೇಳಿದ್ದರೆ ಹೀಗೆ ಮಾಡಿ.

1. ಏನು ಕೊರತೆ ಇದೆ ನೋಡಿ. ಥೇಲ್ಸ್ ಬಳಸಲು ಒಂದು ತ್ರಿಭುಜ, ಅದರ ಒಳಗೆ ಒಂದು ಬಾಹುವಿಗೆ ಸಮಾಂತರ ರೇಖೆ ಬೇಕು. ಚಿತ್ರದಲ್ಲಿ ತ್ರಿಭುಜಗಳಿವೆ, ಒಳಗೆ ಸಮಾಂತರ ರೇಖೆ ಇಲ್ಲ. ಅದನ್ನು ನಾವೇ ಎಳೆಯಬೇಕು.

2. ರಚನೆ. O ಮೂಲಕ DCಗೆ ಸಮಾಂತರವಾಗಿ, ADಯನ್ನು E ನಲ್ಲಿ ಕೂಡುವಂತೆ OE ಎಳೆಯಿರಿ.

3. ಮೊದಲ ತ್ರಿಭುಜ. △ADC ಯಲ್ಲಿ OE ∥ DC. ಆದ್ದರಿಂದ AE/ED = AO/CO. ಇದು (1).

4. ಎರಡನೇ ತ್ರಿಭುಜ. OE ∥ DC ಮತ್ತು AB ∥ DC, ಆದ್ದರಿಂದ OE ∥ AB. △ABD ಯಲ್ಲಿ OE ∥ AB, ಆದ್ದರಿಂದ AE/ED = BO/DO. ಇದು (2).

5. ಕೂಡಿಸುವುದು. (1), (2) ರಿಂದ AO/CO = BO/DO. ಅಂದರೆ AO/BO = CO/DO.

ನಾಲ್ಕನೇ ಹಂತದ ಮೊದಲ ವಾಕ್ಯವನ್ನು ಬಹಳ ಜನ ಬಿಡುತ್ತಾರೆ. ನೀವು ಎಳೆದದ್ದು DCಗೆ ಸಮಾಂತರ. ಅದು ABಗೂ ಸಮಾಂತರ ಎಂದು ಹೇಳದೆ △ABD ಯಲ್ಲಿ ಥೇಲ್ಸ್ ಬಳಸುವ ಹಾಗಿಲ್ಲ. ರಚನೆಯಲ್ಲೇ "OE ∥ DC ಮತ್ತು OE ∥ AB ಆಗುವಂತೆ ಎಳೆಯಿರಿ" ಎಂದು ಬರೆಯುವುದೂ ತಪ್ಪು. ಒಂದು ಬಿಂದುವಿನ ಮೂಲಕ ಎಳೆಯುವಾಗ ಒಂದು ಷರತ್ತು ಮಾತ್ರ ನಮ್ಮ ಕೈಯಲ್ಲಿದೆ, ಎರಡನೆಯದಕ್ಕೆ ಕಾರಣ ಕೊಡಬೇಕು.

ಐದನೇ ಹಂತದಲ್ಲೂ ಒಂದು ಸಣ್ಣ ಗುಂಡಿ ಇದೆ. AO/CO = BO/DO ಎಂದು ಬಂದ ಕೂಡಲೇ ನಿಲ್ಲಿಸುತ್ತಾರೆ. ಕೇಳಿರುವುದು AO/BO = CO/DO. ಎರಡೂ ಕಡೆಯಿಂದ AO × DO = BO × CO ಎಂದೇ ಬರುತ್ತದೆ, ನಿಜ. ಆದರೆ ಸಾಧನೀಯದಲ್ಲಿ ಬರೆದ ರೂಪವೇ ಕೊನೆಯ ಸಾಲಿನಲ್ಲೂ ಇರಬೇಕು. ಪೆನ್ನು ಕೆಳಗಿಡುವ ಮೊದಲು ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ.